ಸ್ಲೈಡ್ ಬದಲಾದಾಗ ಮಾತು ಎಲ್ಲಿ ನಿಲ್ಲಬೇಕು?

ಪ್ರಶ್ನೆ: ಸ್ಲೈಡ್ ತೋರಿಸುತ್ತ ಮಾತನಾಡುವವರು ಯಾವಾಗ ಸುಮ್ಮನಾಗಬೇಕು?

ಉತ್ತರ: ಹೊಸ ಸ್ಲೈಡ್ ಪರದೆಗೆ ಬಂದ ಕೂಡಲೇ. ಪರದೆಯ ಅಕ್ಷರ ಓದುತ್ತಲೇ ಬೇರೊಂದು ಮಾತನ್ನು ಗಮನವಿಟ್ಟು ಕೇಳುವುದು ಯಾರಿಗೂ ಕಷ್ಟ. ಎರಡೂ ಒಟ್ಟಿಗೆ ಬಂದರೆ ಸಾಮಾನ್ಯವಾಗಿ ಮಾತೇ ತಪ್ಪಿಹೋಗುತ್ತದೆ.

ಜಲಾಶಯದ ನೀರಿನ ಮಟ್ಟದ ಗ್ರಾಫ್ ತೋರಿಸಬೇಕಿದೆ ಎಂದುಕೊಳ್ಳೋಣ. ಸ್ಲೈಡ್ ಬದಲಿಸುವ ಮೊದಲೇ ಸಭಿಕರನ್ನು ನೋಡುತ್ತ, ‘ಮುಂದಿನ ಗ್ರಾಫಿನಲ್ಲಿ ಜುಲೈ ತಿಂಗಳ ಏರಿಕೆ ಗಮನಿಸಿ’ ಎನ್ನಬೇಕು. ಬಳಿಕ ಬಟನ್ ಒತ್ತಿ, 3–4 ಸೆಕೆಂಡು ಮಾತಿಲ್ಲದೆ ನಿಲ್ಲಬೇಕು. ಆಮೇಲೆ ಅಡ್ಡಗೆರೆಯಲ್ಲಿ ತಿಂಗಳು, ಉದ್ದಗೆರೆಯಲ್ಲಿ ಅಡಿ ಲೆಕ್ಕದ ಮಟ್ಟ ಇದೆಯೆಂದು ತಿಳಿಸಬೇಕು. ಪರದೆಯತ್ತ ತಿರುಗಿ ಜುಲೈನ ಜಾಗ ತೋರಿಸುವಾಗ ಮಾತು ಬೇಡ; ಮತ್ತೆ ಸಭಿಕರತ್ತ ತಿರುಗಿದ ಮೇಲೆಯೇ ಏರಿಕೆಗೆ ಕಾರಣ ವಿವರಿಸಬೇಕು. ಪರದೆಗೆ ಮುಖ ಮಾಡಿ ಮಾತನಾಡಿದರೆ ದನಿ ಹಿಂದಿನ ಸಾಲಿಗೆ ಮುಟ್ಟುವುದಿಲ್ಲ, ಯಾರಿಗೆ ಅರ್ಥವಾಗಿಲ್ಲ ಎಂಬುದೂ ಕಾಣುವುದಿಲ್ಲ.

ಮೌನ ಎಷ್ಟು ಹೊತ್ತು ಎಂಬುದನ್ನು ಸಭಿಕರ ಕಣ್ಣುಗಳೇ ಹೇಳುತ್ತವೆ: ಅವು ಪರದೆಯಿಂದ ಭಾಷಣಕಾರರತ್ತ ಮರಳಿದರೆ ನೋಡಿ ಮುಗಿಯಿತೆಂದು ಅರ್ಥ. ಅಕ್ಷರ ಹೆಚ್ಚಿದ್ದಷ್ಟೂ ಮೌನವೂ ದೀರ್ಘವಾಗುತ್ತದೆ. ಅದು ಅತಿಯೆನಿಸಿದರೆ ಸ್ಲೈಡನ್ನೇ ಎರಡಾಗಿ ಒಡೆಯಬೇಕು. ಚಿತ್ರದ ಕೆಲಸ ಮುಗಿದು ಚರ್ಚೆ ಬೇರೆಡೆ ಹೊರಳಿದಾಗ ಪವರ್‌ಪಾಯಿಂಟ್‌ನಲ್ಲಿ B ಕೀ ಒತ್ತಿದರೆ ಪರದೆ ಕಪ್ಪಾಗುತ್ತದೆ, ಮತ್ತೊಮ್ಮೆ ಒತ್ತಿದರೆ ಸ್ಲೈಡ್ ಮರಳುತ್ತದೆ.