ಬಿಲ್ಲಿನಲ್ಲಿ 31 ನಗ, ಅಂಗಡಿಗೆ ಬಂದದ್ದು 30

ಮಾಲು ಕಡಿಮೆ ಬಂದಿದೆ, ಒಂದಷ್ಟು ಒಡೆದಿದೆ ಎಂದು ಅಂಗಡಿಯವರು ಫೋನ್ ಮಾಡಿದರೆ ಸಗಟು ವ್ಯಾಪಾರಿಯ ಕಡೆಯಿಂದ ಬರುವ ಉತ್ತರ ಹೆಚ್ಚುಕಡಿಮೆ ಒಂದೇ: "ಆಯ್ತು ಬಿಡಿ ಸಾಹುಕಾರ್ರೇ, ಮುಂದಿನ ಲೋಡಿನಲ್ಲಿ ಸರಿ ಮಾಡೋಣ." ಮುಂದಿನ ಲೋಡು ಬರುವಷ್ಟರಲ್ಲಿ ಫೋನ್ ಎತ್ತಿದ ಗುಮಾಸ್ತ ಊರಿಗೆ ಹೋಗಿರುತ್ತಾನೆ, ಬಾಕಿ ಮಾತ್ರ ಅವರ ಖಾತೆಯಲ್ಲಿ ಪೂರ್ತಿಯಾಗಿಯೇ ನಿಂತಿರುತ್ತದೆ. ಆದ್ದರಿಂದಲೇ ಅನುಭವಸ್ಥ ಕಿರಾಣಿ ವ್ಯಾಪಾರಿಗಳು ಫೋನ್ ಮಾಡಿದ ಮೇಲೂ ಒಂದು ಕಾಗದ ಬರೆಯುತ್ತಾರೆ. ಆ ಕಾಗದಕ್ಕೆ ಬೆಲೆ ಬರುವುದು ಅದರ ಭಾಷೆಯಿಂದಲ್ಲ, ಲಾರಿಯಿಂದ ಮಾಲು ಇಳಿಸುವಾಗ ಅಂಗಡಿಯವರು ಏನು ನೋಡಿದರು, ಎಲ್ಲಿ ಏನು ಬರೆದು ಸಹಿ ಹಾಕಿದರು ಎಂಬುದರಿಂದ.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ತಿಪಟೂರಿನ ಒಂದು ಕಿರಾಣಿ ಅಂಗಡಿಗೆ ಬೆಂಗಳೂರಿನಿಂದ ಪಾರ್ಸಲ್ ಲಾರಿಯಲ್ಲಿ ಮಾಲು ಬಂದಿದೆ. ಬಿಲ್ಲಿನ ಪ್ರಕಾರ 50 ಕೆ.ಜಿ.ಯ 10 ಚೀಲ ಸಕ್ಕರೆ, ಒಂದೊಂದರಲ್ಲಿ ಲೀಟರಿನ 10 ಪ್ಯಾಕೆಟ್ ಇರುವ 15 ಬಾಕ್ಸ್ ಸೂರ್ಯಕಾಂತಿ ಎಣ್ಣೆ, 24 ಬಾಟಲಿಯ 6 ಬಾಕ್ಸ್ ಉಪ್ಪಿನಕಾಯಿ. ಒಟ್ಟು 31 ನಗ. ಇಳಿಸಿ ಎಣಿಸಿದರೆ 30. ಎಣ್ಣೆಯದು ಒಂದು ಬಾಕ್ಸ್ ಇಲ್ಲ.

ಈಗ ನೋಡಬೇಕಾದದ್ದು ಬಿಲ್ಲನ್ನಲ್ಲ, ಲಾರಿಯವರ ರಸೀದಿಯನ್ನು. ಎಲ್.ಆರ್. ಅಥವಾ ಬಿಲ್ಟಿ ಎನ್ನುವ ಆ ಕಾಗದದಲ್ಲಿ ಬೆಂಗಳೂರಿನಲ್ಲಿ ಎಷ್ಟು ನಗ ಹತ್ತಿಸಿಕೊಂಡೆವು ಎಂದು ಟ್ರಾನ್ಸ್‌ಪೋರ್ಟಿನವರು ಬರೆದಿರುತ್ತಾರೆ. ಅಲ್ಲಿ 31 ಎಂದಿದ್ದರೆ ಬಾಕ್ಸ್ ಕಳೆದದ್ದು ದಾರಿಯಲ್ಲಿ ಅಥವಾ ಅವರ ಗೋಡೌನಿನಲ್ಲಿ. ನಮ್ಮ ಉದಾಹರಣೆಯಲ್ಲಿ ಅಲ್ಲಿಯೂ 30 ಎಂದೇ ಇದೆ. ಅಂದರೆ ಬಾಕ್ಸ್ ಲಾರಿ ಹತ್ತಲೇ ಇಲ್ಲ. ಡ್ರೈವರ್ ಮೇಲೆ ಕೂಗಾಡಿ ಪ್ರಯೋಜನವಿಲ್ಲ, ಬರೆಯಬೇಕಾದದ್ದು ಸಗಟು ವ್ಯಾಪಾರಿಗೆ.

ಹಾನಿಯಾದ ಮಾಲನ್ನೂ ಹೀಗೇ ಓದಬೇಕು. ಸಕ್ಕರೆ ಚೀಲಗಳಲ್ಲಿ ಒಂದರ ಪಕ್ಕದಲ್ಲಿ ಹಮಾಲರ ಕೊಕ್ಕೆ ಹೊಕ್ಕ ತೂತಿದೆ, ಲಾರಿಯ ಹಲಗೆಯ ಮೇಲೆ ಸಕ್ಕರೆ ಚೆಲ್ಲಿದೆ. ಬಾಯಿಯ ಮೆಷಿನ್ ಹೊಲಿಗೆ ಹಾಗೇ ಇದೆ. ಅದನ್ನು ಬಿಚ್ಚಿ ಕೈಯಲ್ಲಿ ಮರುಹೊಲಿದಿದ್ದರೆ ಅನುಮಾನ ಬೇರೆ ಕಡೆ ಹೋಗಬೇಕಿತ್ತು. ಸರಿಯಿರುವ ಚೀಲ ತಕ್ಕಡಿಯಲ್ಲಿ 50 ಕೆ.ಜಿ. 200 ಗ್ರಾಂ ತೂಗಿದರೆ ಇದು 46 ಕೆ.ಜಿ. 700 ಗ್ರಾಂ. ಎರಡೂ ಚೀಲದ ಸಮೇತದ ತೂಕವಾದ್ದರಿಂದ ಕಡಿಮೆಯಾದ ಸಕ್ಕರೆ ಮೂರೂವರೆ ಕೆ.ಜಿ. ಸಗಟು ವ್ಯಾಪಾರಿಯನ್ನು ಇದಕ್ಕೆ ಹಿಡಿಯುವುದು ಕಷ್ಟ.

ಉಪ್ಪಿನಕಾಯಿಯ ಕಥೆ ಬೇರೆ. ಒಂದು ಬಾಕ್ಸಿನ ತಳ ಎಣ್ಣೆಯಲ್ಲಿ ನೆನೆದಿದೆ, ಆದರೆ ಮೂಲೆಗಳು ಜಜ್ಜಿಲ್ಲ, ಮೇಲೆ ಭಾರ ಬಿದ್ದ ಗುರುತಿಲ್ಲ. ಡ್ರೈವರ್ ಎದುರೇ ಬಿಚ್ಚಿ ನೋಡಿದರೆ ಬಾಟಲಿಗಳ ನಡುವೆ ಇರಬೇಕಾದ ರಟ್ಟಿನ ಅಡ್ಡಪಟ್ಟಿಯೇ ಇಲ್ಲ. ಐದು ಒಡೆದಿವೆ, ಇನ್ನು ನಾಲ್ಕರ ಲೇಬಲ್ ಎಣ್ಣೆಗೆ ನೆನೆದು ಅಳಿಸಿಹೋಗಿದೆ. ಇದು ಪ್ಯಾಕಿಂಗಿನ ದೋಷ. ಇನ್ನೊಂದು ಬಾಕ್ಸ್ ಒಣಗಿದೆ, ಅಂಟುಪಟ್ಟಿ ಕಂಪನಿಯದೇ, ಒಳಗೆ ಮಾತ್ರ 22 ಬಾಟಲಿ.

ಲಾರಿಯವರ ಪ್ರತಿಯ ಮೇಲೆ ಸಹಿ ಹಾಕುವ ಗಳಿಗೆಯಲ್ಲಿ ಹೆಚ್ಚಿನವರು ಎಡವುವುದು. ಡ್ರೈವರ್‌ಗೆ ಮುಂದಿನ ಊರಿನ ಅವಸರ, ಅಂಗಡಿಯಲ್ಲಿ ಗಿರಾಕಿಗಳು ಕಾದಿರುತ್ತಾರೆ, ಬರಿಯ ಸಹಿ ಬಿದ್ದುಹೋಗುತ್ತದೆ. ಬರಿಯ ಸಹಿ ಎಂದರೆ ಎಲ್ಲ ಸರಿಯಾಗಿ ಮುಟ್ಟಿದೆ ಎಂದೇ ಎದುರಿನವರು ವಾದಿಸುತ್ತಾರೆ. "30 ನಗ ಮಾತ್ರ ಮುಟ್ಟಿದೆ. ಸಕ್ಕರೆ 1 ಚೀಲ ತೂತು, ಉಪ್ಪಿನಕಾಯಿ 1 ಬಾಕ್ಸ್ ತಳ ನೆನೆದಿದೆ" ಎಂದು ಬರೆದು ಅದರ ಕೆಳಗೆ ಸಹಿ ಹಾಕಬೇಕು, ಡ್ರೈವರ್ ಸಹಿಯನ್ನೂ ಪಡೆಯಬೇಕು, ಆ ಕಾಗದದ ಫೋಟೊ ಇಟ್ಟುಕೊಳ್ಳಬೇಕು. ಇಷ್ಟಾದ ಮೇಲೆ ಪತ್ರ ಬರೆಯುವುದು ಹತ್ತು ನಿಮಿಷದ ಕೆಲಸ:

"ಮಾನ್ಯರೇ, ನಿಮ್ಮ ಬಿಲ್ ನಂ. 1184, ದಿನಾಂಕ 10-6-2025ರ ಮಾಲು ನಿನ್ನೆ ಬೆಳಿಗ್ಗೆ ನಮಗೆ ಮುಟ್ಟಿತು. ಬಿಲ್ಲಿನಲ್ಲಿ 31 ನಗ ಇದ್ದು, ಲಾರಿ ರಸೀದಿಯಲ್ಲಿ 30 ಎಂದೇ ಇದೆ. ಕಡಿಮೆ ಬಂದದ್ದು: ಸೂರ್ಯಕಾಂತಿ ಎಣ್ಣೆ 1 ಬಾಕ್ಸ್, ರೂ. 1,400; ಉಪ್ಪಿನಕಾಯಿ 2 ಬಾಟಲಿ (ಸೀಲ್ ಇದ್ದ ಬಾಕ್ಸಿನೊಳಗೆ), ರೂ. 120. ಹಾನಿಯಾದದ್ದು: ಉಪ್ಪಿನಕಾಯಿ ಒಡೆದ ಬಾಟಲಿ 5, ಲೇಬಲ್ ಹಾಳಾದದ್ದು 4, ಒಟ್ಟು ರೂ. 540. ಬಾಕ್ಸಿನೊಳಗೆ ಅಡ್ಡಪಟ್ಟಿ ಇರಲಿಲ್ಲ. ಒಟ್ಟು ರೂ. 2,060, ತೆರಿಗೆ ಬೇರೆ. ಇಷ್ಟಕ್ಕೆ ಕ್ರೆಡಿಟ್ ನೋಟ್ ಕಳಿಸಿಕೊಡಬೇಕು. ಸಕ್ಕರೆ ಮೂರೂವರೆ ಕೆ.ಜಿ. ಕೊರತೆಯನ್ನು ಟ್ರಾನ್ಸ್‌ಪೋರ್ಟಿನವರಿಗೆ ಬರೆದಿದ್ದೇವೆ, ನಿಮ್ಮ ಗಮನಕ್ಕೆ ಮಾತ್ರ. ಹಾಳಾದ ಬಾಟಲಿಗಳನ್ನು ತೆಗೆದಿಟ್ಟಿದ್ದೇವೆ. ಉಳಿದ ಮಾಲು ಸರಿಯಾಗಿದೆ."

ಕಡಿಮೆ ಬಂದದ್ದನ್ನೂ ಹಾಳಾದದ್ದನ್ನೂ ಬೇರೆ ಬೇರೆ ಬರೆದದ್ದಕ್ಕೆ ಕಾರಣವಿದೆ. 1930ರ ಸರಕು ಮಾರಾಟ ಕಾಯ್ದೆಯ 37ನೇ ಕಲಮಿನ ಪ್ರಕಾರ ಮಾಲು ಕಡಿಮೆ ಬಂದರೆ ಕೊಂಡವರು ಅದನ್ನು ಒಪ್ಪದೆ ಹಿಂದಿರುಗಿಸಬಹುದು. ಇಟ್ಟುಕೊಂಡರೆ ಬಂದಷ್ಟಕ್ಕೆ ಮಾತ್ರ ಒಪ್ಪಿದ ದರ ಕೊಡಬೇಕು. ಇದರಲ್ಲಿ ಚರ್ಚೆಗೆ ಜಾಗ ಕಡಿಮೆ. ಹಾನಿಯಲ್ಲಿ ಹಾಗಲ್ಲ. ಬೇರೆ ಒಪ್ಪಂದವಿಲ್ಲದಿದ್ದರೆ ಲಾರಿಗೆ ಒಪ್ಪಿಸಿದ್ದೇ ಕೊಂಡವರಿಗೆ ಒಪ್ಪಿಸಿದಂತೆ ಎಂದು ಅದೇ ಕಾಯ್ದೆಯ 39ನೇ ಕಲಮು ಮೇಲ್ನೋಟಕ್ಕೆ ಭಾವಿಸುತ್ತದೆ. "ನಮ್ಮ ಬಾಗಿಲಲ್ಲಿ ಸರಿಯಾಗಿಯೇ ಇತ್ತು" ಎನ್ನುವ ಸಗಟು ವ್ಯಾಪಾರಿಯ ಬಲ ಇದೇ. ಅಡ್ಡಪಟ್ಟಿ ಇರಲಿಲ್ಲ ಎಂಬ ಆ ಒಂದು ಸಾಲು ಪತ್ರದಲ್ಲಿ ಇರಬೇಕಾದದ್ದು ಅದಕ್ಕೇ. ಇಡೀ 2,060ನ್ನು "ಡ್ಯಾಮೇಜು, ಶಾರ್ಟೇಜು" ಎಂದು ಒಂದೇ ಮೊತ್ತ ಮಾಡಿ ಬರೆದರೆ, ಹಾನಿಯ ತಕರಾರು ಮುಗಿಯುವ ತನಕ ಕೊರತೆಯ ಹಣವೂ ನಿಂತುಬಿಡುತ್ತದೆ.

ಸಮಯದ ಮಾತು. ಕಾಯ್ದೆಯಲ್ಲಿ ಇಷ್ಟೇ ದಿನ ಎಂದಿಲ್ಲ. ತಕ್ಕ ಸಮಯದೊಳಗೆ ಬೇಡವೆಂದು ತಿಳಿಸದೆ ಮಾಲು ಇಟ್ಟುಕೊಂಡರೆ ಒಪ್ಪಿದಂತೆ ಎಂದಿದೆ. ಬಿಲ್ಲಿನ ಅಡಿಯಲ್ಲಿ ಸಣ್ಣ ಅಕ್ಷರದಲ್ಲಿ ಗಡುವು ಅಚ್ಚಾಗಿದ್ದರೆ ಅದನ್ನು ಮೊದಲು ಓದಬೇಕು. ಲಾರಿಯವರ ಮೇಲೆ ದಾವೆ ಹೂಡಬೇಕಾದರೆ 2007ರ ರಸ್ತೆ ಸಾಗಣೆ ಕಾಯ್ದೆಯಂತೆ ಮಾಲು ಬುಕ್ ಆದ ದಿನದಿಂದ 180 ದಿನದೊಳಗೆ ಲಿಖಿತ ನೋಟಿಸ್ ತಲುಪಿರಬೇಕು. 147 ರೂಪಾಯಿಯ ಸಕ್ಕರೆಗೆ ಯಾರೂ ಕೋರ್ಟಿಗೆ ಹೋಗುವುದಿಲ್ಲ, ಬಾಡಿಗೆಯಲ್ಲಿ ಮುರಿದುಕೊಳ್ಳುವುದೇ ವಾಡಿಕೆ. ಆದರೆ ಅದೇ ಹಣವನ್ನು ಲಾರಿಯವರಲ್ಲೂ ಸಗಟು ವ್ಯಾಪಾರಿಯಲ್ಲೂ ಕೇಳುವುದು ಕೆಟ್ಟ ಚಾಳಿ. ಇಬ್ಬರೂ ಒಮ್ಮೆ ಮಾತಾಡಿಕೊಂಡರೆ ಮುಂದಿನ ಪತ್ರವನ್ನು ಯಾರೂ ನಂಬುವುದಿಲ್ಲ.

ಪತ್ರ ಬರೆದು, ಹಣ ಕಳಿಸುವಾಗ 2,060 ಹಿಡಿದುಕೊಂಡು ಸುಮ್ಮನಾದರೆ ಆಗದೇ ಎಂದು ಕೇಳಬಹುದು. ಜಿ.ಎಸ್.ಟಿ. ಬಂದ ಮೇಲೆ ಅದು ಸಾಲದು. ಮುಟ್ಟದ ಮಾಲಿನ ತೆರಿಗೆಗೂ ನಾಶವಾದ ಮಾಲಿನ ತೆರಿಗೆಗೂ ಅಂಗಡಿಯವರು ಕ್ರೆಡಿಟ್ ಪಡೆಯುವಂತಿಲ್ಲ. ಬಿಲ್ಲು ಮಾತ್ರ ಪೂರ್ತಿ ಮೊತ್ತದ್ದೇ ಪೋರ್ಟಲ್‌ನಲ್ಲಿ ಕಾಣುತ್ತದೆ. ಅದನ್ನು ಸರಿಪಡಿಸುವುದು ಮಾರಿದವರು ಕೊಡುವ ಕ್ರೆಡಿಟ್ ನೋಟ್. ಅಂಗಡಿಯವರು ತಮ್ಮ ಪುಸ್ತಕದಲ್ಲಿ ಬರೆದುಕೊಳ್ಳುವ ಡೆಬಿಟ್ ನೋಟ್‌ನಿಂದ ಮಾರಿದವರ ತೆರಿಗೆ ಇಳಿಯುವುದಿಲ್ಲ. 2025ರ ಜೂನ್ ಬಿಲ್ಲಿಗೆ ಆ ನೋಟನ್ನು ಮಾರಿದವರು 2026ರ ನವೆಂಬರ್ 30ರೊಳಗೆ, ಅದಕ್ಕೂ ಮೊದಲೇ ವಾರ್ಷಿಕ ರಿಟರ್ನ್ ಸಲ್ಲಿಸಿದರೆ ಅಷ್ಟರೊಳಗೆ, ತೋರಿಸಬೇಕು. ಆ ಗಡುವು ದಾಟಿದರೆ ತೆರಿಗೆಯ ಪಾಲು ಅವರ ಕೈಯಿಂದಲೇ ಹೋಗುತ್ತದೆ. ನೋಟ್ ಕೊಡುವ ಉತ್ಸಾಹ ಆಮೇಲೆ ಇರುವುದಿಲ್ಲ.

ಲೇಬಲ್ ಹಾಳಾದ ನಾಲ್ಕು ಬಾಟಲಿಗಳ ಬಗ್ಗೆ ಎಳೆದಾಟ ಆಗಿಯೇ ಆಗುತ್ತದೆ. ಒಳಗಿನ ಉಪ್ಪಿನಕಾಯಿ ಚೆನ್ನಾಗಿದೆಯಲ್ಲ, ಮಾರಿಕೊಳ್ಳಿ ಎನ್ನುತ್ತಾರೆ. ತಯಾರಾದ ದಿನಾಂಕ, ಗರಿಷ್ಠ ಬೆಲೆ ಕಾಣದ ಬಾಟಲಿಯನ್ನು ಗಿರಾಕಿಗೆ ಮಾರುವಂತಿಲ್ಲ. ಅವನ್ನೂ ಒಡೆದ ಗಾಜನ್ನೂ ಅದೇ ಬಾಕ್ಸಿನಲ್ಲಿ ಹಾಕಿ, ಮೇಲೆ ಬಿಲ್ ನಂಬರ್ ಬರೆದು, ಅವರ ಸೇಲ್ಸ್‌ಮನ್ ಬಂದು ನೋಡಿ ಪತ್ರದ ಪ್ರತಿಗೆ ಸಹಿ ಹಾಕುವ ತನಕ ಬಿಸಾಡಬಾರದು.