ಯಂತ್ರಕ್ಕೆ ತಿಳಿಯದ ‘ನೀವು’

ಉಗರಗೋಳವು ಸವದತ್ತಿಯ ಯಲ್ಲಮ್ಮನ ಗುಡ್ಡಕ್ಕೆ ಹತ್ತಿರದ ಊರು. ಗುಡ್ಡಕ್ಕೆ ಬಂದ ಭಕ್ತನು ತಾಯಿಯ ಮುಂದೆ ನಿಂತು ‘ನೀನೇ ಕಾಯಬೇಕು’ ಎಂದು ಬೇಡುತ್ತಾನೆ. ಹೊರಗೆ ಬಂದು ಹಿರಿಯರೊಬ್ಬರನ್ನು ಕಂಡೊಡನೆ ‘ಬರ್ರಿ, ಕೂಡ್ರಿ’ ಎನ್ನುತ್ತಾನೆ. ದೇವಿಗೆ ಏಕವಚನ, ನೆರೆಯವರಿಗೆ ಬಹುವಚನ! ಇದು ಅಗೌರವವಲ್ಲ, ಅತಿಸಲಿಗೆಯ ಭಕ್ತಿಯೆಂಬುದನ್ನು ನಮ್ಮ ಮಕ್ಕಳೂ ಬಲ್ಲರು. ಆದರೆ ಕನ್ನಡವನ್ನು ಇಂಗ್ಲಿಷಿಗೂ ಇಂಗ್ಲಿಷನ್ನು ಕನ್ನಡಕ್ಕೂ ಕ್ಷಣಮಾತ್ರದಲ್ಲಿ ತಿರುಗಿಸಿಕೊಡುವ ಇಂದಿನ ಯಂತ್ರವು ಇದನ್ನು ಬಲ್ಲುದೆ?

ಈ ಯಂತ್ರದಲ್ಲಿ ನಿಘಂಟೂ ಇಲ್ಲ, ವ್ಯಾಕರಣದ ಪುಸ್ತಕವೂ ಇಲ್ಲ. ಅದಕ್ಕೆ ಲಕ್ಷಾಂತರ ಜೋಡಿವಾಕ್ಯಗಳನ್ನು, ಎಂದರೆ ಒಂದೇ ಮಾತಿನ ಕನ್ನಡ ಮತ್ತು ಇಂಗ್ಲಿಷ್ ರೂಪಗಳನ್ನು, ಉಣಿಸಿರುತ್ತಾರೆ. 2021ರಲ್ಲಿ ಹೊರಬಂದ ‘ಸಮಾನಂತರ್’ ಎಂಬ ಸಂಗ್ರಹದಲ್ಲಿ ಕನ್ನಡಕ್ಕೆ ಸುಮಾರು 40 ಲಕ್ಷ ಜೋಡಿಗಳಿದ್ದವು. ಯಂತ್ರವು ವಾಕ್ಯವನ್ನು ತುಂಡುಗಳಾಗಿ ಒಡೆದು, ಪ್ರತಿ ತುಂಡನ್ನೂ ಅಂಕಿಗಳ ಸಾಲಾಗಿ ಮಾರ್ಪಡಿಸುತ್ತದೆ. ವಾಕ್ಯದಲ್ಲಿ ಯಾವ ತುಂಡಿಗೆ ಯಾವುದರೊಡನೆ ಎಷ್ಟು ನಂಟೆಂದು ತೂಗಿ ನೋಡುತ್ತದೆ. ಬಳಿಕ ಮತ್ತೊಂದು ಭಾಷೆಯಲ್ಲಿ ‘ಇಲ್ಲಿ ಮುಂದೆ ಯಾವ ತುಂಡು ಬರುವ ಸಂಭವ ಹೆಚ್ಚು?’ ಎಂದು ಲೆಕ್ಕಹಾಕಿ, ಒಂದಾದ ಮೇಲೊಂದನ್ನು ಪೋಣಿಸುತ್ತದೆ. ಅದು ಮಾಡುವುದು ಅರ್ಥದ ವಿಚಾರಣೆಯಲ್ಲ, ಸಂಭವದ ಲೆಕ್ಕ. ತಪ್ಪುಗಳ ಬೇರು ಇಲ್ಲಿಯೇ ಇದೆ.

ಒಂದು ಸಂದರ್ಭವನ್ನು ಕಲ್ಪಿಸಿಕೊಳ್ಳೋಣ. ಉಗರಗೋಳದ ಅಜ್ಜನೊಬ್ಬನು ಪರದೇಶದಲ್ಲಿ ಬೆಳೆದ ಮೊಮ್ಮಗನಿಗೆ ಬರೆಯುತ್ತಾನೆ: ‘ಹೊಲವನ್ನು ಲಾವಣಿ ಹಿಡಿದವನು ಈ ಸಲ ಕೈ ಕೊಟ್ಟ.’ ಯಂತ್ರವು ಪದಕ್ಕೆ ಪದವಿಟ್ಟರೆ ‘ಗೇವ್ ಎ ಹ್ಯಾಂಡ್’ ಎಂದಾಗುತ್ತದೆ. ಇಂಗ್ಲಿಷಿನಲ್ಲಿ ಅದಕ್ಕೆ ‘ನೆರವಾದ’ ಎಂದರ್ಥ! ನಂಬಿಸಿ ಕೈಬಿಟ್ಟವನು ಉಪಕಾರಿಯಾಗುತ್ತಾನೆ. ಮೊಮ್ಮಗನು ಸಂತೋಷಪಟ್ಟು, ಮುಂದಿನ ವರ್ಷವೂ ಹೊಲವನ್ನು ಅವನಿಗೇ ಕೊಡೆಂದು ಬರೆದರೆ ಅಚ್ಚರಿಯೇನು? ಹಿಂದಿನ ಕಾಲದ ಯಂತ್ರಾನುವಾದವು ತಡವರಿಸುತ್ತಿತ್ತು. ವಾಕ್ಯ ಮುರಿದಲ್ಲಿ ತಪ್ಪು ತಾನಾಗಿ ಕಣ್ಣಿಗೆ ಬೀಳುತ್ತಿತ್ತು. ಹೊಸ ಯಂತ್ರದ ವಾಕ್ಯ ನಯವಾಗಿರುವುದರಿಂದ ಸಂಶಯವೇ ಹುಟ್ಟುವುದಿಲ್ಲ. ಬಹಳ ಬಳಕೆಯ ನುಡಿಗಟ್ಟನ್ನು ಅದು ಒಮ್ಮೊಮ್ಮೆ ಸರಿಯಾಗಿಯೇ ತಿರುಗಿಸೀತು. ಜೋಡಿವಾಕ್ಯಗಳಲ್ಲಿ ಅಪರೂಪವಾದುದರಲ್ಲಿ ಎಡವುತ್ತದೆ.

ಇನ್ನು ಮೊಮ್ಮಗನ ಉತ್ತರ. ‘ಅಜ್ಜ, ಯು ಯಾವಾಗ ಬರುವಿರಿ? ಯು ಔಷಧ ತೆಗೆದುಕೊಂಡಿರಾ?’ ಎಂಬ ಭಾವದ ಎರಡು ವಾಕ್ಯಗಳನ್ನು ಅವನು ಇಂಗ್ಲಿಷಿನಲ್ಲಿ ಬರೆದನೆನ್ನಿ. ಇಂಗ್ಲಿಷಿನ ‘ಯು’ ಎಂಬುದರಲ್ಲಿ ‘ನೀನು’, ‘ನೀವು’ ಎರಡೂ ಅಡಗಿವೆ. ಯಾರು ಯಾರಿಗೆ ಹೇಳುತ್ತಿದ್ದಾರೆಂಬುದು ವಾಕ್ಯದ ಹೊರಗಿನ ಸಂಗತಿ. ಬಿಡಿವಾಕ್ಯಗಳಾಗಿ ತಿರುಗಿಸುವ ಯಂತ್ರವು ಮೊದಲನೆಯದರಲ್ಲಿ ಅಜ್ಜನೆಂಬ ಪದವನ್ನು ಕಂಡು ‘ಬರುತ್ತೀರಿ’ ಎಂದೀತು. ಎರಡನೆಯದರಲ್ಲಿ ಅಜ್ಜನಿಲ್ಲದ ಕಾರಣ ‘ತೆಗೆದುಕೊಂಡೆಯಾ’ ಎಂದುಬಿಟ್ಟೀತು. ಮೊದಲ ಸಾಲಿನಲ್ಲಿ ಕೈಮುಗಿದ ಮೊಮ್ಮಗ ಎರಡನೆಯ ಸಾಲಿನಲ್ಲಿ ಗದರಿಸಿದಂತಾಗುತ್ತದೆ. ಹಿಮ್ಮುಖವಾಗಿಯೂ ಇದೇ ತೊಡಕು: ‘ಅವರು ಬಂದರು’ ಎಂದರೆ ಗೌರವದ ಒಬ್ಬ ಗಂಡಸು, ಒಬ್ಬ ಹೆಂಗಸು ಅಥವಾ ಹಲವರು. ಯಂತ್ರವು ಮೂರರಲ್ಲಿ ಒಂದನ್ನು ಊಹಿಸಲೇಬೇಕು.

ಇಂಥ ಊಹೆ ಎಂಥ ಅನರ್ಥಕ್ಕೆ ಎಡೆಯಾಗಬಲ್ಲದೆಂಬುದು 2025ರ ಜುಲೈ ತಿಂಗಳಲ್ಲಿ ನಾಡಿಗೇ ತಿಳಿಯಿತು. ನಿಧನರಾದ ನಟಿ ಬಿ. ಸರೋಜಾದೇವಿಯವರಿಗೆ ಮುಖ್ಯಮಂತ್ರಿ ಸಿದ್ದರಾಮಯ್ಯನವರು ಅಂತಿಮ ನಮನ ಸಲ್ಲಿಸಿದ ಕನ್ನಡ ಪ್ರಕಟಣೆಯನ್ನು ಮೆಟಾ ಸಂಸ್ಥೆಯ ಯಂತ್ರವು ತಿರುಗಿಸಿದಾಗ, ಮುಖ್ಯಮಂತ್ರಿಗಳೇ ತೀರಿಕೊಂಡರೆಂದಾಯಿತು! ಸಂಸ್ಥೆ ಕ್ಷಮೆ ಯಾಚಿಸಿತು. ‘ನಿಧನರಾದ’ ಎಂಬ ಗೌರವರೂಪವು ಗಂಡಸಿಗೂ ಹೆಂಗಸಿಗೂ ಒಂದೇ ಆಗಿರುವುದರಿಂದ, ಅದು ಯಾರಿಗೆ ಸೇರಿತೆಂದು ಪದದ ರೂಪವೊಂದೇ ಹೇಳಲಾರದು. ಮುಂದಿನ ಹೆಸರಿಗೆ ಅದು ವಿಶೇಷಣವೆಂಬುದು ವಾಕ್ಯರಚನೆಯಿಂದ ತಿಳಿಯಬೇಕು.

ತಪ್ಪನ್ನು ಪತ್ತೆಹಚ್ಚಲು ಒಂದು ಉಪಾಯವಿದೆ. ಬಂದ ಇಂಗ್ಲಿಷನ್ನು ಮತ್ತೆ ಕನ್ನಡಕ್ಕೆ ತಿರುಗಿಸಿ ನೋಡಬೇಕು. ‘ಕೈ ಕೊಟ್ಟ’ ಎಂಬುದು ‘ಸಹಾಯ ಮಾಡಿದ’ ಎಂದು ಮರಳಿದರೆ ಕಳ್ಳ ಸಿಕ್ಕಿದಂತೆಯೇ. ಆಗ ‘ಮೋಸ ಮಾಡಿದ’ ಎಂದು ನೇರವಾಗಿ ಬರೆದರಾಯಿತು. ಆದರೆ ಗೌರವವಾಚಕದ ತಪ್ಪಿಗೆ ಈ ಪರೀಕ್ಷೆ ಸಲ್ಲದು. ‘ನೀನು’, ‘ನೀವು’ ಎರಡೂ ಹೋಗಿ ಸೇರುವುದು ಅದೇ ‘ಯು’ ಎಂಬಲ್ಲಿಗೆ. ಕನ್ನಡ ಬಲ್ಲವರೊಬ್ಬರು ಕಾಗದವನ್ನು ಒಮ್ಮೆ ಓದಿ, ‘ತೆಗೆದುಕೊಂಡೆಯಾ’ ಎಂಬುದನ್ನು ‘ತೆಗೆದುಕೊಂಡಿರಾ’ ಎಂದು ತಿದ್ದಿದ ಮೇಲೆಯೇ ಅದು ಅಜ್ಜನ ಕೈ ಸೇರುವುದು ಲೇಸು.