ಹುಮನಾಬಾದ್ ಬಿಸಿಲಿನ ಆಯಿಲ್ ಕಾಜಾ ಚಳಿಗೆ ಆಗುತ್ತಾ?

ಜನವರಿಯಲ್ಲಿ ಹಿಮಾಚಲದ ಕಾಜಾಕ್ಕೆ ಬೈಕಲ್ಲಿ ಹೋಗೋಣ ಅಂತ ನಾವು ಮೂವರು ಹಾಸ್ಟೆಲ್‌ನಲ್ಲಿ ಪ್ಲ್ಯಾನ್ ಹಾಕಿದ್ವಿ. ಇಬ್ಬರು ಬಸವಕಲ್ಯಾಣದವರು, ಒಬ್ಬ ಹುಮನಾಬಾದಿನವ. ಚಳಿಗಾಲದಲ್ಲಿ ಕುಂಜುಂ ಪಾಸ್ ಹಿಮದಿಂದ ಮುಚ್ಚಿರುತ್ತೆ, ಹಾಗಾಗಿ ಕಿನ್ನೌರ್ ಕಡೆಯಿಂದ ಹತ್ತಬೇಕು. ಅಲ್ಲಿ ರಾತ್ರಿ ಮೈನಸ್ 20 ಡಿಗ್ರಿಗೂ ಇಳಿಯುತ್ತೆ. ನಮ್ಮ ಗಾಡಿಯಲ್ಲಿ ಇದ್ದದ್ದು 20ಡಬ್ಲ್ಯೂ-50 ಆಯಿಲ್. ಹುಮನಾಬಾದಿನ ಮೆಕ್ಯಾನಿಕ್ ಅಣ್ಣ, "ನಮ್ ಕಡೆ ಬಿಸಿಲಿಗೆ ಇದೇ ಬೇಕ್ರಿ" ಅಂದಿದ್ರು. ಅವರ ಮಾತು ಸರಿ. ಆದರೆ ಅದು ಅರ್ಧ ಮಾತು.

ಡಬ್ಬಿ ಮೇಲಿನ ಎರಡು ಸಂಖ್ಯೆಗಳ ಕೆಲಸ ಬೇರೆ ಬೇರೆ. ಕೊನೆಯ 50 ಹೇಳೋದು ಇಂಜಿನ್ ಕಾದಾಗ, ಅಂದ್ರೆ 100 ಡಿಗ್ರಿಯಲ್ಲಿ, ಆಯಿಲ್ ಎಷ್ಟು ದಪ್ಪ ಇರುತ್ತೆ ಅಂತ. ಡಬ್ಲ್ಯೂ ಅಂದ್ರೆ ವಿಂಟರ್. ಅದರ ಹಿಂದಿನ ಸಂಖ್ಯೆ ಚಿಕ್ಕದಾದಷ್ಟೂ ಹೆಚ್ಚು ಚಳಿಯಲ್ಲೂ ಇಂಜಿನ್ ತಿರುಗುತ್ತೆ. ಎಸ್‌ಎಇ ಮಾನದಂಡದಲ್ಲಿ 20ಡಬ್ಲ್ಯೂ ಆಯಿಲ್‌ನ ಸ್ಟಾರ್ಟಿಂಗ್ ಪರೀಕ್ಷೆ ಮೈನಸ್ 15ರಲ್ಲಿ ನಡೆದರೆ, 10ಡಬ್ಲ್ಯೂದು ಮೈನಸ್ 25ರಲ್ಲಿ. ಎತ್ತರಕ್ಕೂ ಇದಕ್ಕೂ ಸಂಬಂಧವಿಲ್ಲ. ಗಾಳಿ ತೆಳುವಾದರೆ ಪೆಟ್ರೋಲ್-ಗಾಳಿಯ ಲೆಕ್ಕ ತಪ್ಪಬಹುದು, ಆಯಿಲ್ ಗಟ್ಟಿಯಾಗೋದು ಚಳಿಯಿಂದ ಮಾತ್ರ.

ನಂಬಿಕೆ ಬರಲಿ ಅಂತ ಎರಡು ಸಣ್ಣ ಬಾಟಲಿಗಳಲ್ಲಿ 20ಡಬ್ಲ್ಯೂ-50 ಮತ್ತು 10ಡಬ್ಲ್ಯೂ-50 ತುಂಬಿ, ರಾತ್ರಿಯಿಡೀ ಫ್ರೀಜರ್‌ನಲ್ಲಿ ಇಟ್ಟಿದ್ವಿ. ಮನೆ ಫ್ರೀಜರ್ ಸುಮಾರು ಮೈನಸ್ 18 ಇರುತ್ತೆ. ಬೆಳಿಗ್ಗೆ ವಾಲಿಸಿದಾಗ ಎರಡನೆಯದು ನಿಧಾನವಾಗಿ ಇಳೀತು. ಮೊದಲನೆಯದು ಕಾಕಂಬಿ ಥರ ತಳದಲ್ಲೇ ಕೂತು, ತಡವಾಗಿ ಜರುಗಿತು.

ಬೈಕಿನಲ್ಲಿ ಹೀಗಾದರೆ ಗೊತ್ತಾಗೋದು ಹೇಗೆ? ಸೆಲ್ಫ್ ಒತ್ತಿದಾಗ ಇಂಜಿನ್ ಭಾರವಾಗಿ ತಿರುಗುತ್ತೆ. ಚಳಿಗೆ ಬ್ಯಾಟರಿಯೂ ಸೋತಿರೋದರಿಂದ ಎರಡು ಸಲಕ್ಕೇ ಸುಸ್ತು. ಸ್ಟಾರ್ಟ್ ಆದರೂ, ದಪ್ಪ ಆಯಿಲನ್ನು ಪಂಪ್ ಎಳೆಯೋವರೆಗೆ ಮೇಲಿನ ಕ್ಯಾಮ್ ಒಣಗಿದ ಸ್ಥಿತಿಯಲ್ಲೇ ಸವೆಯುತ್ತೆ. ಹೆಚ್ಚಿನ ಗೇರ್ ಬೈಕುಗಳಲ್ಲಿ ಕ್ಲಚ್ ಕೂಡ ಇದೇ ಆಯಿಲ್‌ನಲ್ಲಿ ಮುಳುಗಿರುತ್ತೆ. ಪ್ಲೇಟುಗಳು ಅಂಟಿಕೊಂಡು, ಕ್ಲಚ್ ಹಿಡಿದು ಗೇರ್ ಹಾಕಿದರೂ ಗಾಡಿ ಮುಂದಕ್ಕೆ ಜಿಗಿಯುತ್ತೆ. ಹಿಮದ ಮೇಲೆ ಆ ಒಂದು ಜಿಗಿತ ಸಾಕು, ಬೀಳೋಕೆ.

ಹಾಗಾಗಿ ಮ್ಯಾನ್ಯುಯಲ್‌ನ ತಾಪಮಾನದ ಪಟ್ಟಿ ನೋಡಿಕೊಂಡು ನಾವು ಮೊದಲ ಸಂಖ್ಯೆ ಮಾತ್ರ ಬದಲಿಸಿದ್ವಿ: 10ಡಬ್ಲ್ಯೂ-50. ತೆಳು ಬೇಕು ಅಂತ ಕಾರಿನ ಆಯಿಲ್ ಹಾಕೋ ಹಾಗಿಲ್ಲ, ಕ್ಲಚ್ ಜಾರಬಹುದು. ಡಬ್ಬಿ ಮೇಲೆ ಜಾಸೊ ಎಂಎ ಅಥವಾ ಎಂಎ2 ಅಂತ ಇರಬೇಕು, ಮ್ಯಾನ್ಯುಯಲ್ ಯಾವುದು ಕೇಳುತ್ತೋ ಅದು.

ಮೈನಸ್ 25ರ ಹತ್ತಿರ ಹೋದರೆ 10ಡಬ್ಲ್ಯೂಗೂ ಕಷ್ಟವೇ. ಅಂಥ ರಾತ್ರಿ ಗಾಡಿಯನ್ನು ಗೋಡೆಯೊಳಗೆ ನಿಲ್ಲಿಸಿ, ಇಂಜಿನ್‌ಗೆ ಕಂಬಳಿ ಹೊದಿಸಿ, ಬ್ಯಾಟರಿ ಬಿಚ್ಚಿ ರೂಮಿಗೆ ತರಬೇಕು. ಬೆಳಿಗ್ಗೆ ಸ್ಟಾರ್ಟ್ ಆದ ಕೂಡಲೇ ರೇಸ್ ಕೊಡಬಾರದು. ಇಂಜಿನ್ ಕೆಳಗೆ ಬೆಂಕಿ ಹಾಕೋದಂತೂ ಬೇಡವೇ ಬೇಡ.

ಊರಿಗೆ ಬಂದ ಮೇಲೆ ಮತ್ತೆ 20ಡಬ್ಲ್ಯೂ ಹಾಕಬೇಕಾ? ಬೇಕಿಲ್ಲ. ಕಾದಾಗಿನ 50 ಹಾಗೇ ಇದೆಯಲ್ಲ, ನಮ್ಮ ಬಿಸಿಲಿಗೂ ಅದೇ ನಡೆಯುತ್ತೆ. ಆದರೆ ಆಯಿಲ್ ಕಿಟಕಿಯಲ್ಲಿ ಹಾಲಿನಂಥ ಬಣ್ಣ ಕಂಡರೆ ನೀರು ಸೇರಿದೆ ಅಂತ ಅರ್ಥ, ಆಗ ತಡಮಾಡದೆ ಬದಲಿಸಿ.